ಮಾತಿನ ನಡುವಿನ ತೂತು ಮುಚ್ಚುವುದು: ರೂಮ್ ಟೋನ್ ಕಟ್ಟುವ ಬಗೆ

ಮನೆಯಲ್ಲಿ ಕೂತು ಹರಟುವಾಗ ಫ್ಯಾನಿನ ಸದ್ದು ಯಾರಿಗೂ ಕೇಳಿಸುವುದಿಲ್ಲ. ಕರೆಂಟ್ ಹೋದ ಕೂಡಲೇ ಎಲ್ಲರೂ ತಲೆ ಎತ್ತಿ ಮೇಲೆ ನೋಡುತ್ತಾರೆ. ಸದ್ದು ಇತ್ತು ಅಂತ ಗೊತ್ತಾಗುವುದೇ ಅದು ನಿಂತಾಗ. ಒಂದೇ ಸಮ ಬರುವ ಸದ್ದನ್ನು ಕಿವಿ ಬೇಗ ಮರೆಯುತ್ತದೆ, ಅದು ಬದಲಾದ ಕ್ಷಣವನ್ನು ಮಾತ್ರ ಬಿಡದೆ ಹಿಡಿಯುತ್ತದೆ.

ಸಂದರ್ಶನವನ್ನೋ ಪಾಡ್‌ಕಾಸ್ಟನ್ನೋ ಎಡಿಟ್ ಮಾಡುವಾಗ ನಾವು ಗೊತ್ತಿಲ್ಲದೆ ಪದೇ ಪದೇ ಹೀಗೆ ಕರೆಂಟ್ ತೆಗೆಯುತ್ತೇವೆ. ಒಂದು ಕೆಮ್ಮು ಬಂತು, ಆ ಜಾಗ ಆರಿಸಿ ಸದ್ದು ಅಳಿಸಿದೆವು. ಎರಡು ವಾಕ್ಯಗಳ ನಡುವೆ ಸ್ವಲ್ಪ ಉಸಿರಾಡಲು ಜಾಗ ಬೇಕು ಅಂತ ಕ್ಲಿಪ್‌ಗಳನ್ನು ಅರ್ಧ ಸೆಕೆಂಡ್ ದೂರ ಇಟ್ಟೆವು. ಆ ಅರ್ಧ ಸೆಕೆಂಡಿನಲ್ಲಿ ಫೈಲಿನೊಳಗೆ ಬರೀ ಸೊನ್ನೆಗಳಿವೆ. ಕೋಣೆಯ ಮೌನದಲ್ಲಿ ಸೊನ್ನೆ ಎಂದೂ ಇರುವುದಿಲ್ಲ. ಫ್ಯಾನ್ ಓಡುವ ಹಾಲ್‌ನಲ್ಲಿ ಯಾರೂ ಮಾತಾಡದಿದ್ದಾಗಲೂ ರೆಕಾರ್ಡಿಂಗ್‌ನ ಮಟ್ಟ −50 ಅಥವಾ −55 ಡೆಸಿಬೆಲ್ ಆಸುಪಾಸಿನಲ್ಲಿ ಇರಬಹುದು, ಅಂದರೆ ಫೈಲು ಹಿಡಿಯಬಲ್ಲ ಅತಿ ಜೋರಿನ ಸದ್ದಿಗಿಂತ ಅಷ್ಟು ಡೆಸಿಬೆಲ್ ಕೆಳಗೆ. ಅಲ್ಲಿಂದ ಸದ್ದೇ ಇಲ್ಲದ ಪೂರ್ತಿ ಸೊನ್ನೆಗೆ ಬಿದ್ದು ಮತ್ತೆ ಮೇಲೇಳುವುದು ಕೇಳುಗನಿಗೆ ತೂತಿನ ಹಾಗೆ ಕೇಳಿಸುತ್ತದೆ. ಏನೋ ಕತ್ತರಿಸಿದ್ದಾರೆ ಅಂತ ಅವನಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಮಾತಾಡುವವರು ಹೇಳುವ ಕಥೆಗಿಂತ ಕತ್ತರಿಯ ಕಡೆಗೇ ಅವನ ಗಮನ ಜಾಸ್ತಿ.

ಈ ತೂತನ್ನು ಮುಚ್ಚಲು ಹಾಕುವ ಸದ್ದೇ ರೂಮ್ ಟೋನ್. ಹೆಸರೇ ಹೇಳುವ ಹಾಗೆ ಅದು ಆ ಕೋಣೆಯದೇ ಆಗಿರಬೇಕು. ಹಾಲ್‌ನ ಸದ್ದು ಅಂದರೆ ಫ್ಯಾನ್ ಒಂದೇ ಅಲ್ಲ. ಅಡುಗೆಮನೆಯ ಫ್ರಿಜ್, ಹೊರಗಿನ ರಸ್ತೆ, ಇವೆಲ್ಲ ಗೋಡೆ, ನೆಲ, ಸೋಫಾಗಳಿಗೆ ಬಡಿದು ಬೆರೆತಿರುತ್ತವೆ, ಮೈಕಿನ ಒಳಗಿನ ಸಣ್ಣ ಸುಯ್ ಶಬ್ದವೂ ಅದಕ್ಕೆ ಸೇರಿರುತ್ತದೆ. ಮೈಕನ್ನು ಎರಡಡಿ ಸರಿಸಿದರೂ ಬೆರೆತ ಬಗೆ ಬದಲಾಗುತ್ತದೆ. ಹಾಗಾಗಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಯಾವುದೋ ಖಾಲಿ ಕೋಣೆಯ ಸದ್ದು ಸಣ್ಣ ತೂತುಗಳನ್ನು ಮುಚ್ಚಲು ಬರುವುದಿಲ್ಲ. ಅದು ಇನ್ನೊಂದು ಬಣ್ಣದ ತೇಪೆ ಆಗುತ್ತದೆ.

ಸುಲಭದ ದಾರಿ ಅಂದರೆ ರೆಕಾರ್ಡಿಂಗ್ ದಿನವೇ ಒಂದು ನಿಮಿಷ ಸುಮ್ನೆ ಕೂತು ಕೋಣೆಯನ್ನು ರೆಕಾರ್ಡ್ ಮಾಡಿಕೊಳ್ಳುವುದು. ಅದೇ ಮೈಕ್, ಅದೇ ಜಾಗ, ಮೈಕಿನ ಸದ್ದನ್ನು ಹಿಗ್ಗಿಸುವ ಅದೇ ಗೇನ್. ಫ್ಯಾನ್ ಯಾವ ಸ್ಪೀಡಿನಲ್ಲಿತ್ತೋ ಅದೇ ಸ್ಪೀಡ್. ಮಾತಾಡಿದವರು ಎದ್ದು ಹೋಗದೆ ಕೂತಲ್ಲೇ ಕೂತಿರಬೇಕು, ಯಾಕೆಂದರೆ ಮೈ, ಬಟ್ಟೆ ಕೂಡ ಸದ್ದನ್ನು ಹೀರಿಕೊಳ್ಳುತ್ತವೆ. ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮೈಕಿನ ಮಟ್ಟ ಸರಿ ಮಾಡಿದ ತಕ್ಷಣ, ಮಾತು ಶುರುವಾಗುವ ಮೊದಲೇ ಮಾಡುವುದು ಒಳ್ಳೆಯದು. ಮಾತು ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಕಾಫಿ ಬರುತ್ತದೆ, ಪಕ್ಕದ ಮನೆಯವರು ಬರುತ್ತಾರೆ, ಆ ಒಂದು ನಿಮಿಷ ಸಿಗುವುದೇ ಇಲ್ಲ.

ಆದರೆ ನಿಮ್ಮ ಕೈಗೆ ಬರುವ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಅದು ಇರುವುದಿಲ್ಲ. ಆಗ ಟೋನ್ ಅನ್ನು ಇದ್ದುದರಲ್ಲೇ ಹೆಕ್ಕಿ ಕಟ್ಟಬೇಕು. ಆ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಹೀಗೊಂದು ರೆಕಾರ್ಡಿಂಗ್ ಇದೆ ಅಂದುಕೊಳ್ಳಿ. ಹಳೆಯ ಮನೆಯ ಹಾಲ್. ಒಬ್ಬ ಅಜ್ಜಿ 40 ನಿಮಿಷ ಮಾತಾಡಿದ್ದಾರೆ. ಮೇಲೆ ಸೀಲಿಂಗ್ ಫ್ಯಾನ್, ಸುತ್ತಿಗೊಮ್ಮೆ ಟಿಕ್ ಅನ್ನುತ್ತದೆ. ಒಳಗೆ ಫ್ರಿಜ್, ಆಗಾಗ ಶುರುವಾಗಿ ನಿಲ್ಲುತ್ತದೆ. ರಸ್ತೆಯಲ್ಲಿ ಅಪರೂಪಕ್ಕೊಂದು ಆಟೋ. ಇದನ್ನು ನಾವು 10 ನಿಮಿಷಕ್ಕೆ ಇಳಿಸಬೇಕು. ಪ್ರತ್ಯೇಕ ರೂಮ್ ಟೋನ್ ಇಲ್ಲ.

ಮೊದಲು ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿ, ಯಾರೂ ಮಾತಾಡದ ಜಾಗಗಳಿಗೆ ಗುರುತು ಹಾಕಿ. ಪ್ರಶ್ನೆ ಕೇಳುವ ಮೊದಲಿನ ಕ್ಷಣ, ಅಜ್ಜಿ ಏನನ್ನೋ ನೆನಪು ಮಾಡಿಕೊಳ್ಳಲು ನಿಂತ ಕ್ಷಣ, ರೆಕಾರ್ಡರ್ ಒತ್ತಿದ ಮೇಲೆ ಮಾತು ಶುರುವಾಗುವವರೆಗಿನ ಎರಡು ಸೆಕೆಂಡ್. ವಯಸ್ಸಾದವರ ಮಾತಿನಲ್ಲಿ ಇಂಥ ಜಾಗಗಳು ಧಾರಾಳವಾಗಿ ಸಿಗುತ್ತವೆ. ಕತ್ತರಿಸುವಾಗ ಎರಡು ಕಡೆ ಎಚ್ಚರ ಬೇಕು. ಮಾತಿನ ಕೊನೆಯ ಅಕ್ಷರ ಮುಗಿದ ಕೂಡಲೇ ಶುರು ಮಾಡಬೇಡಿ, ಅದರ ಮಾರ್ದನಿ ಇನ್ನೂ ಕೋಣೆಯಲ್ಲಿ ಇರುತ್ತದೆ. ಗಾರೆ ನೆಲದ ಖಾಲಿ ಹಾಲ್ ಆದರೆ ಅರ್ಧ ಸೆಕೆಂಡೇ ಬಿಡಿ. ಇನ್ನೊಂದು ಕಡೆ, ಮುಂದಿನ ಮಾತಿಗೆ ಮೊದಲು ಎಳೆದುಕೊಳ್ಳುವ ಉಸಿರು ಬರುವ ಮುಂಚೆಯೇ ನಿಲ್ಲಿಸಿ. ಟೋನ್‌ನಲ್ಲಿ ಒಂದು ಉಸಿರು ಸೇರಿಕೊಂಡರೆ ಅಂಟಿಸಿದಲ್ಲೆಲ್ಲ ಅದೇ ಉಸಿರು ಬರುತ್ತದೆ, ಯಾರೋ ಪಕ್ಕದಲ್ಲಿ ಕೂತ ಹಾಗೆ.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದರೆ ಇನ್ನೊಂದು ತೊಡಕಿದೆ. ಬಹಳಷ್ಟು ಫೋನ್‌ಗಳು ಗೇನನ್ನು ತಾವೇ ಏರಿಸಿ ಇಳಿಸುತ್ತವೆ. ಮಾತು ನಿಂತ ಕೂಡಲೇ ಫೋನು ಗೇನ್ ಏರಿಸತೊಡಗುತ್ತದೆ, ಫ್ಯಾನಿನ ಸದ್ದು ನಿಧಾನಕ್ಕೆ ಉಬ್ಬಿ ಬರುತ್ತದೆ. ಇಂಥ ಕಡೆ ಉದ್ದದ ವಿರಾಮದ ಕೊನೆಯ ಭಾಗ ಬೇಡ. ಮಾತಿನ ಮಾರ್ದನಿ ಆರಿದ ಕೂಡಲೇ ಸಿಗುವ ಚಿಕ್ಕ ಭಾಗವೇ ಮಾತಿನ ಅಡಿಯಲ್ಲಿರುವ ಸದ್ದಿಗೆ ಹತ್ತಿರ.

ಈಗ ನಮ್ಮ ಬಳಿ ಒಂದರಿಂದ ಎರಡೂವರೆ ಸೆಕೆಂಡ್ ಉದ್ದದ ಹದಿನೈದು ತುಂಡುಗಳಿವೆ ಅನ್ನಿ. ಫ್ರಿಜ್ ಓಡುತ್ತಿದ್ದಾಗಿನದು, ನಿಂತಿದ್ದಾಗಿನದು ಅಂತ ಎರಡು ಗುಂಪು ಮಾಡಿ. ಇದನ್ನು ಕಿವಿಯಲ್ಲೇ ಮಾಡಬಹುದು. ಗುಂಪಿನೊಳಗೆ ಮಟ್ಟ ಒಂದೇ ಇದೆಯಾ ಅಂತ ನೋಡಲು ಎಡಿಟ್ ಮಾಡಲು Audacity ಬಳಸುವವರಿಗೆ Analyze ಮೆನುವಿನಲ್ಲಿ ಸರಾಸರಿ ಮಟ್ಟ ಅಳೆಯುವ Measure RMS ಇದೆ. ಒಂದು ತುಂಡು ಉಳಿದವುಗಳಿಗಿಂತ ಎರಡು ಡೆಸಿಬೆಲ್ ಜಾಸ್ತಿ ಬಂತು ಅಂದರೆ ಅದರೊಳಗೆ ದೂರದ ಗಾಡಿಯೊಂದು ಅಡಗಿರಬಹುದು. ಅದನ್ನು ಬಿಡಿ.

ತುಂಡುಗಳನ್ನು ಜೋಡಿಸುವುದು ಕ್ರಾಸ್‌ಫೇಡ್‌ನಿಂದ. ಒಂದು ಇಳಿಯುತ್ತಾ ಇನ್ನೊಂದು ಏರುತ್ತಾ 200ರಿಂದ 300 ಮಿಲಿಸೆಕೆಂಡ್ ಒಂದರ ಮೇಲೊಂದು ಕೂರುತ್ತವೆ. ಇಲ್ಲಿ ಇಳಿಯುವ, ಏರುವ ಗೆರೆಯ ಆಕಾರ, ಅಂದರೆ ಕರ್ವ್ ಯಾವುದು ಅನ್ನುವುದು ತುಂಬಾ ಮುಖ್ಯ. ನೇರ ಗೆರೆಯ ಕ್ರಾಸ್‌ಫೇಡ್‌ನಲ್ಲಿ ನಟ್ಟನಡುವೆ ಎರಡೂ ತುಂಡುಗಳು ಅರ್ಧರ್ಧಕ್ಕೆ ಇಳಿದಿರುತ್ತವೆ. ಅರ್ಧ ಮತ್ತು ಅರ್ಧ ಸೇರಿ ಒಂದಾಗಬೇಕಲ್ವಾ ಅನ್ನಿಸುತ್ತದೆ. ಒಂದೇ ಅಲೆಯ ಎರಡು ಪ್ರತಿಗಳಾದರೆ ಹೌದು. ಆದರೆ ಎರಡು ಬೇರೆ ಬೇರೆ ಹೊತ್ತಿನ ಫ್ಯಾನ್ ಸದ್ದಿನ ಅಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಅಲ್ಲಿ ಅಲೆಗಳ ಎತ್ತರ ಕೂಡುವುದಿಲ್ಲ, ಶಕ್ತಿ ಕೂಡುತ್ತದೆ. ಅರ್ಧ ಎತ್ತರದ ಅಲೆಗೆ ಕಾಲುಭಾಗ ಶಕ್ತಿ. ಕಾಲು, ಕಾಲು ಸೇರಿ ಅರ್ಧ. ಅಂದರೆ ಪ್ರತಿ ಜೋಡಣೆಯಲ್ಲೂ 3 ಡೆಸಿಬೆಲ್ ಕುಸಿತ. ಹತ್ತು ಕಡೆ ಜೋಡಿಸಿದರೆ ಹತ್ತು ಸಲ ಸದ್ದು ಬಳುಕುತ್ತದೆ. ಅದಕ್ಕೇ ಇಂಥ ಕೆಲಸಕ್ಕೆ Constant Power ಅಥವಾ Equal Power ಅಂತ ಹೆಸರಿರುವ ಕರ್ವ್ ಆರಿಸಬೇಕು. ಅದರಲ್ಲಿ ನಡುವೆ ಎರಡೂ ಶೇಕಡಾ 71ರಷ್ಟು ಎತ್ತರದಲ್ಲಿರುತ್ತವೆ, ಶಕ್ತಿ ಸಮವಾಗಿ ಉಳಿಯುತ್ತದೆ. Audacityಯ Crossfade Tracks ಎಫೆಕ್ಟಿನಲ್ಲಿ ಈ ಆಯ್ಕೆ ಇದೆ.

ಇದಕ್ಕೆ ಒಂದು ಅಪವಾದ ಇದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್‌ನದು. ಅರ್ತಿಂಗ್ ಸರಿ ಇಲ್ಲದ ಕಡೆ ರೆಕಾರ್ಡಿಂಗ್‌ನಲ್ಲಿ ಅದರ ಗುಂಯ್ ಸೇರಿಕೊಂಡಿರುತ್ತದೆ. ಆ ಗುಂಯ್ ಎಲ್ಲಾ ತುಂಡುಗಳಲ್ಲೂ ಒಂದೇ ಆಕಾರದ ಅಲೆ. ಜೋಡಿಸುವ ಜಾಗದಲ್ಲಿ ಒಂದರ ಅಲೆ ಮೇಲಿದ್ದು ಇನ್ನೊಂದರದು ಕೆಳಗಿದ್ದರೆ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ, ಗುಂಯ್ ಒಂದು ಕ್ಷಣ ಮಾಯವಾಗಿ ಮತ್ತೆ ಬರುತ್ತದೆ. ಪರಿಹಾರ ಕಷ್ಟದ್ದಲ್ಲ. 50 ಹರ್ಟ್ಸ್‌ನ ಒಂದು ಅಲೆ 20 ಮಿಲಿಸೆಕೆಂಡ್ ಉದ್ದ. ಪರದೆಯನ್ನು ಚೆನ್ನಾಗಿ ಹಿಗ್ಗಿಸಿ, ಎರಡನೇ ತುಂಡನ್ನು ಹೆಚ್ಚೆಂದರೆ 20 ಮಿಲಿಸೆಕೆಂಡ್ ಅತ್ತಿತ್ತ ಸರಿಸಿದರೆ ಎರಡರ ಏರಿಳಿತ ಒಂದಾಗುವ ಜಾಗ ಸಿಕ್ಕೇ ಸಿಗುತ್ತದೆ.

ಫ್ಯಾನಿನ ಟಿಕ್ ಕೂಡ ಇಂಥದ್ದೇ, ಆದರೆ ಅಳತೆ ದೊಡ್ಡದು. ನಿಮಿಷಕ್ಕೆ 240 ಸುತ್ತು ಸುತ್ತುವ ಫ್ಯಾನ್ ಸೆಕೆಂಡಿಗೆ ನಾಲ್ಕು ಸಲ ಟಿಕ್ ಅನ್ನುತ್ತದೆ, ಅಂದರೆ 250 ಮಿಲಿಸೆಕೆಂಡಿಗೊಂದು. ಜೋಡಣೆಯಲ್ಲಿ ಎರಡು ಟಿಕ್‌ಗಳ ನಡುವೆ 180 ಮಿಲಿಸೆಕೆಂಡ್ ಬಿದ್ದರೆ ತಾಳ ತಪ್ಪಿದ್ದು ಯಾರಿಗಾದರೂ ಗೊತ್ತಾಗುತ್ತದೆ. ಅಲೆಯ ಚಿತ್ರದಲ್ಲಿ ಟಿಕ್ ಸಣ್ಣ ಮುಳ್ಳಿನಂತೆ ಕಾಣುತ್ತದೆ. ಮುಳ್ಳುಗಳ ನಡುವಿನ ದೂರ ಜೋಡಣೆಯಲ್ಲೂ ಅಷ್ಟೇ ಇರುವ ಹಾಗೆ ತುಂಡನ್ನು ಕೂರಿಸಿ, ಕ್ರಾಸ್‌ಫೇಡ್ ಅನ್ನು ಎರಡು ಮುಳ್ಳುಗಳ ನಡುವಿನ ಜಾಗದೊಳಗೇ ಮುಗಿಸಿ. ಅದಕ್ಕೆ 200 ಮಿಲಿಸೆಕೆಂಡ್ ಸಾಕು. ಟಿಕ್ ಇಲ್ಲದ ನುಣ್ಣನೆಯ ಸದ್ದಾದರೆ ತುಂಡು ಕಡಿಮೆ ಬಿದ್ದಾಗ ಒಂದನ್ನು Reverse ಮಾಡಿ ಮತ್ತೆ ಬಳಸಬಹುದು, ಹಿಂದುಮುಂದಾದರೂ ಫ್ಯಾನ್ ಗಾಳಿ ಗಾಳಿಯೇ. ಟಿಕ್, ಹಕ್ಕಿ, ಹಾರ್ನ್ ಇದ್ದರೆ ಮಾಡಬೇಡಿ. ಮೊದಲು ಮಾರ್ದನಿ, ಆಮೇಲೆ ಏಟು ಕೇಳಿಸುತ್ತದೆ.

ಹೀಗೆ 20 ಸೆಕೆಂಡ್ ಕೂಡಿಬಂತು. ಇದನ್ನು ಎಷ್ಟು ಬೇಕಾದರೂ ಉದ್ದ ಮಾಡಲು ಒಂದು ಹಳೆಯ ಉಪಾಯ ಇದೆ. ಸರಿಯಾಗಿ ನಡುವೆ ಕತ್ತರಿಸಿ, ಎರಡನೇ ಅರ್ಧವನ್ನು ಮುಂದಕ್ಕೆ ತನ್ನಿ. ಈಗ ಹೊಸ ತುಂಡಿನ ಕೊನೆ ಮತ್ತು ಮೊದಲು ಮೂಲದಲ್ಲಿ ಅಕ್ಕಪಕ್ಕವೇ ಇದ್ದವು, ಹಾಗಾಗಿ ಒಂದರ ಹಿಂದೆ ಒಂದು ಇಟ್ಟರೆ ಅಲ್ಲಿ ಬೆಸುಗೆಯೇ ಇರುವುದಿಲ್ಲ. ಬೆಸುಗೆ ಇರುವುದು ನಡುವೆ ಮಾತ್ರ, ಅದನ್ನು ಮೇಲೆ ಹೇಳಿದ ಹಾಗೆ ಕ್ರಾಸ್‌ಫೇಡ್ ಮಾಡಿ. ಟಿಕ್ ಇರುವ ಫ್ಯಾನಾದರೆ ಕೊನೆಯಲ್ಲಿ ಉಳಿದ ಒಟ್ಟು ಉದ್ದ 250 ಮಿಲಿಸೆಕೆಂಡಿನ ಪೂರ್ತಿ ಗುಣಕ ಆಗಿರಲಿ.

ಟೋನ್ ಸಿದ್ಧವಾಯಿತು. ಈಗ ಅದನ್ನು ಎಲ್ಲಿ, ಎಷ್ಟು ಜೋರಾಗಿ ಹಾಕುವುದು? ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ತಲೆಗೆ ಮೊದಲು ಹೊಳೆಯುವ ದಾರಿ ಅಂದರೆ ಟೋನನ್ನು ಇನ್ನೊಂದು ಟ್ರ್ಯಾಕ್‌ನಲ್ಲಿ ಹಾಕಿ, ಶುರುವಿನಿಂದ ಕೊನೆಯವರೆಗೆ ಮಾತಿನ ಅಡಿಯಲ್ಲಿ ಓಡಿಸಿಬಿಡುವುದು. ಮಾತಿನ ಕ್ಲಿಪ್‌ನಲ್ಲಿ ಫ್ಯಾನ್ ಸದ್ದು −55 ಡೆಸಿಬೆಲ್ ಇದೆ, ಹಾಸಿದ ಟೋನ್ ಕೂಡ −55. ಮಾತು ಇರುವ ಕಡೆ ಎರಡೂ ಸೇರಿ −52 ಆಗುತ್ತದೆ. ತೂತು ಇರುವ ಕಡೆ ಹಾಸಿದ್ದು ಒಂದೇ, −55. ಅಂದರೆ 3 ಡೆಸಿಬೆಲ್ ಮೆಟ್ಟಿಲು ಹಾಗೇ ಉಳಿಯಿತು. ಪೂರ್ತಿ ಸೊನ್ನೆಗಿಂತ ವಾಸಿ, ಆದರೆ ಹೆಡ್‌ಫೋನ್‌ನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಆದ್ದರಿಂದ ಒಂದೇ ಕೋಣೆಯ ಕ್ಲಿಪ್‌ಗಳ ನಡುವಿನ ತೂತಿಗೆ ಟೋನನ್ನು ತೂತಿನೊಳಗೆ ಮಾತ್ರ ಹಾಕಬೇಕು. ಮಾತಿನ ಟ್ರ್ಯಾಕ್‌ನಲ್ಲೇ, ಅದೇ ಮಟ್ಟದಲ್ಲಿ, ಎರಡೂ ತುದಿಯಲ್ಲಿ ಕ್ರಾಸ್‌ಫೇಡ್ ಕೊಟ್ಟು. ಮಾತಿನ ಮೊದಲ ಅಕ್ಷರಕ್ಕೆ ತೀರಾ ಹತ್ತಿರ ಆದರೆ 20 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಸಾಕು. ಕೊನೆಯ ಅಕ್ಷರದ ಮಾರ್ದನಿಯನ್ನು ಕತ್ತರಿಸಬೇಡಿ, ಅದು ಪೂರ್ತಿ ಆರಿದ ಮೇಲೆಯೇ ಟೋನ್‌ಗೆ ದಾಟಿ. ಅದೇ ಟ್ರ್ಯಾಕ್‌ನಲ್ಲಿ ಇರುವುದರಿಂದ ಇನ್ನೂ ಒಂದು ಲಾಭ ಇದೆ. ಆಮೇಲೆ ನೀವು ಮೇಲಿನ ಕೆಳಗಿನ ಸ್ವರಗಳನ್ನು ಏರಿಸಿ ಇಳಿಸುವ ಇಕ್ಯೂ, ಹಿನ್ನೆಲೆಯ ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್, ಜೋರಿನ ಸದ್ದನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಏನೇ ಹಾಕಿದರೂ ಮಾತಿನ ಅಡಿಯ ಸದ್ದು ಮತ್ತು ತೇಪೆ ಎರಡೂ ಒಟ್ಟಿಗೇ ಬದಲಾಗುತ್ತವೆ. ಮಾತಿಗೆ ನಾಯ್ಸ್ ರಿಡಕ್ಷನ್ ಮಾಡಿ ಮುಗಿಸಿ, ಆಮೇಲೆ ಹಳೆಯ ಫೈಲಿನಿಂದ ಟೋನ್ ತಂದು ಹಾಕಿದರೆ ತೂತಿನ ಬದಲು ಅಲ್ಲೊಂದು ಗುಡ್ಡ ಏಳುತ್ತದೆ.

ಇಷ್ಟಾದ ಮೇಲೆ ನಮ್ಮ ಅಜ್ಜಿಯ ಫ್ರಿಜ್ ಉಳಿಯಿತು. 8ನೇ ನಿಮಿಷದ ಒಂದು ವಾಕ್ಯದಲ್ಲಿ ಫ್ರಿಜ್ ಓಡುತ್ತಿದೆ. ಅದಕ್ಕೆ ಜೋಡಿಸಬೇಕಾದ 31ನೇ ನಿಮಿಷದ ವಾಕ್ಯದಲ್ಲಿ ನಿಂತಿದೆ. ಈ ಎರಡರ ನಡುವೆ ಎಷ್ಟೇ ಒಳ್ಳೆಯ ಟೋನ್ ಹಾಕಿದರೂ ಫ್ರಿಜ್ ನಿಂತದ್ದು ಕೇಳಿಸಿಯೇ ತೀರುತ್ತದೆ. ಹಾಗಾಗಿ ಸರಿಮಾಡಬೇಕಾದ್ದು ತೂತನ್ನಲ್ಲ, ವಾಕ್ಯವನ್ನು. ಫ್ರಿಜ್ ಇಲ್ಲದ ವಾಕ್ಯದ ಅಡಿಯಲ್ಲಿ, ಇನ್ನೊಂದು ಟ್ರ್ಯಾಕ್‌ನಲ್ಲಿ, ಫ್ರಿಜ್ ಇರುವ ಗುಂಪಿನ ಟೋನನ್ನು ಹಾಸಬೇಕು. ಆಮೇಲೆ ಅದನ್ನು ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡು ನಿಧಾನಕ್ಕೆ ಇಳಿಸಬೇಕು. ಇಳಿಸುವುದು ಅಜ್ಜಿ ಮಾತಾಡುತ್ತಿರುವಾಗಲೇ ಆಗಬೇಕು, ವಿರಾಮದಲ್ಲಿ ಬೇಡ. ಮಾತಿನ ಜೋರಿನ ಕೆಳಗೆ ಹಿನ್ನೆಲೆ ಬದಲಾದರೆ ಕಿವಿ ಹಿಡಿಯುವುದು ಕಷ್ಟ. ವಿರಾಮದಲ್ಲಿ ಅದಕ್ಕೆ ಕೇಳಲು ಬೇರೇನೂ ಇರುವುದಿಲ್ಲ, ತಟ್ಟನೆ ಹಿಡಿಯುತ್ತದೆ. ಇದರಲ್ಲಿ ಫ್ಯಾನ್ ಎರಡು ಸಲ ಸೇರಿ ಸ್ವಲ್ಪ ಜಾಸ್ತಿ ಆಗುತ್ತದೆ ನಿಜ. ಫ್ರಿಜ್‌ನ ಸದ್ದಿನ ಬಹುಪಾಲು ಕೆಳಗಿನ ಸ್ವರದಲ್ಲಿ ಇರುವುದರಿಂದ, ಹಾಸುವ ಟೋನ್‌ನ ಮೇಲಿನ ಸ್ವರಗಳನ್ನು ಇಕ್ಯೂನಲ್ಲಿ ಸುಮಾರು 400 ಹರ್ಟ್ಸ್‌ನಿಂದ ಇಳಿಸಿ ನೋಡಿ. ಫ್ರಿಜ್ ಉಳಿಯುತ್ತದೆ, ಫ್ಯಾನಿನ ಗಾಳಿ ಬಹುಮಟ್ಟಿಗೆ ಹೋಗುತ್ತದೆ.

ಕೋಣೆಯೇ ಬೇರೆ ಬೇರೆ ಆದಾಗ ಮಾತ್ರ ಕಥೆ ಬದಲು. ಅಜ್ಜಿಯ ಒಂದು ಭಾಗ ಹಾಲ್‌ನಲ್ಲಿ, ಮೊಮ್ಮಗನ ಮಾತು ಆಫೀಸಿನ ಎಸಿ ಕೋಣೆಯಲ್ಲಿ, ಇನ್ಯಾರದೋ ಮಾತು ಕಾರಿನೊಳಗೆ. ಒಂದಾದ ಮೇಲೊಂದು ಬೇಗ ಬೇಗ ಬರುವಾಗ ಪ್ರತಿ ಕಟ್‌ನಲ್ಲೂ ಹಿನ್ನೆಲೆ ಜಿಗಿಯುತ್ತದೆ. ಇಲ್ಲಿ ಎಲ್ಲರ ಕೆಳಗೂ ಒಂದೇ ಹಾಸು ಬೇಕು, ಅದನ್ನೇ ಆಂಬಿಯನ್ಸ್ ಬೆಡ್ ಅನ್ನುವುದು. ಬೀದಿಯದೋ ಅಂಗಳದ್ದೋ ಸ್ಟೀರಿಯೋ ಸದ್ದು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಈ ಹಾಸು ಕ್ಲಿಪ್‌ನ ಹಿನ್ನೆಲೆಗಿಂತ ಜೋರಾಗಿರಬೇಕು ಅನ್ನುವುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ಕ್ಲಿಪ್‌ನ ಹಿನ್ನೆಲೆ ಹಾಸಿಗಿಂತ 6 ಡೆಸಿಬೆಲ್ ಕಡಿಮೆ ಇದ್ದರೆ ಅದು ಬಂದಾಗ ಹೋದಾಗ ಒಟ್ಟು ಸದ್ದು ಬದಲಾಗುವುದು ಬರೀ 1 ಡೆಸಿಬೆಲ್. ಅಷ್ಟನ್ನು ಯಾರೂ ಗಮನಿಸುವುದಿಲ್ಲ. ಹಾಸನ್ನು 6 ಡೆಸಿಬೆಲ್ ಏರಿಸುವ ಬದಲು, ಮೊದಲು ಕ್ಲಿಪ್‌ಗಳಿಗೆ ಹಗುರವಾಗಿ ನಾಯ್ಸ್ ರಿಡಕ್ಷನ್ ಕೊಟ್ಟು ಅವುಗಳ ಹಿನ್ನೆಲೆಯನ್ನು 6 ಡೆಸಿಬೆಲ್ ಇಳಿಸುವುದು ನನಗೆ ಇಷ್ಟ. ಮಾತು ಕೆಡುವುದಿಲ್ಲ, ಹಾಸು ಕೂಡ ಅತಿಯಾಗುವುದಿಲ್ಲ.

ಬೆಡ್‌ನ ದೊಡ್ಡ ಶತ್ರು ಗುರುತು ಸಿಗುವ ಸದ್ದು. 25 ಸೆಕೆಂಡಿನ ತುಂಡಿನಲ್ಲಿ ಒಂದು ಕೋಗಿಲೆ ಇದ್ದರೆ ಹತ್ತು ನಿಮಿಷದಲ್ಲಿ ಅದೇ ಕೋಗಿಲೆ 24 ಸಲ ಕೂಗುತ್ತದೆ. ಮೂರನೇ ಸಲಕ್ಕೇ ಕೇಳುಗ ಹಿಡಿಯುತ್ತಾನೆ. ಹಾಗಾಗಿ ಬೆಡ್ ಅನ್ನು ಎರಡು ಪದರ ಮಾಡಿ. ಕೆಳಗೆ ಏನೂ ಎದ್ದು ಕಾಣದ ಬೀದಿಯ ಗುಂಯ್‌ಗುಡುವಿಕೆ, ಅದರ ಮೇಲೆ ಎಲೆ, ದೂರದ ಮಾತು, ಗಾಳಿ. ಒಂದು ಪದರ 41 ಸೆಕೆಂಡ್, ಇನ್ನೊಂದು 59 ಸೆಕೆಂಡ್ ಇರಲಿ. ಎರಡೂ ತಮ್ಮ ಪಾಡಿಗೆ ಮರುಕಳಿಸಿದರೂ ಅದೇ ಜೋಡಿ ಮತ್ತೆ ಕೂಡಿ ಬರುವುದು 2419 ಸೆಕೆಂಡಿನ ನಂತರ, ಅಂದರೆ 40 ನಿಮಿಷ ದಾಟಿ. ಕೋಗಿಲೆ, ಹಾರ್ನ್, ಕುಕ್ಕರ್ ಸೀಟಿ ಇವನ್ನು ಪದರದಿಂದ ತೆಗೆದು ಬೇರೆಯಾಗಿ ಇಟ್ಟುಕೊಳ್ಳಿ. ಬೇಕಾದ ಕಡೆ ಒಂದೊಂದೇ ಸಲ, ಮಾತಿನ ಮೇಲೆ ಬೀಳದ ಹಾಗೆ ಹಾಕಿ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಜಾಗದ ಬೆಡ್ ಹಳೆಯ ಮಾತಿನ ಕೊನೆಯ ಒಂದೆರಡು ಸೆಕೆಂಡಿನ ಅಡಿಯಲ್ಲೇ ಶುರುವಾಗಲಿ.

ಯಾವುದಕ್ಕೂ ಬಗ್ಗದ ಒಂದು ಬಗೆಯ ರೆಕಾರ್ಡಿಂಗ್ ಇದೆ. ಕಾಲ್‌ನಲ್ಲಿ ಹಿಡಿದ ಮಾತು. ಬಹಳಷ್ಟು ಕಾಲ್ ಆ್ಯಪ್‌ಗಳು ಮಾತಿಲ್ಲದಾಗ ಹಿನ್ನೆಲೆಯನ್ನು ತಾವೇ ಒರೆಸಿಹಾಕುತ್ತವೆ. ಪದಗಳ ಅಡಿಯಲ್ಲಿ ಅಷ್ಟಿಷ್ಟು ಗದ್ದಲ, ಪದ ಮುಗಿದ ಕೂಡಲೇ ಸೊನ್ನೆ. ಇದರಲ್ಲಿ ಹೆಕ್ಕಲು ಟೋನೇ ಇಲ್ಲ, ತೂತುಗಳು ಪದ ಪದದ ನಡುವೆ ಇವೆ. ತೇಪೆ ಬಿಟ್ಟು ಬೆಡ್ ಹಾಸುವುದೊಂದೇ ದಾರಿ, ಅದೂ ಪೂರ್ತಿ ಮುಚ್ಚುವುದಿಲ್ಲ. ಫೋನಿನ ಧ್ವನಿ ಫೋನಿನ ಧ್ವನಿಯಂತೆಯೇ ಕೇಳಲಿ ಅಂತ ಬಿಟ್ಟು, ಅದಕ್ಕೂ ಮುಂದಿನ ಭಾಗಕ್ಕೂ ನಡುವೆ ನಿರೂಪಕರ ಒಂದು ವಾಕ್ಯ ಹಾಕುವುದು ಎಷ್ಟೋ ಸಲ ಒಳ್ಳೆಯ ಕೆಲಸ.

ಎಲ್ಲಾ ಮುಗಿದ ಮೇಲೆ ಪರೀಕ್ಷೆ ಮಾಡುವುದು ಹೀಗೆ. ಹೆಡ್‌ಫೋನ್ ಹಾಕಿ ವಾಲ್ಯೂಮ್ ಏರಿಸಿ, ಪರದೆ ನೋಡದೆ, ಪ್ರತಿ ಜೋಡಣೆಯ ಸುತ್ತಲಿನ ವಿರಾಮವನ್ನು ಮಾತ್ರ ಕೇಳಿ. ಮಾತು ಬರುವ ಮೊದಲು ವಾಲ್ಯೂಮ್ ಇಳಿಸಿಕೊಳ್ಳಿ, ಇಲ್ಲದಿದ್ದರೆ ಕಿವಿಗೆ ಪೆಟ್ಟು. ಪರದೆ ನೋಡುತ್ತಾ ಕೇಳಿದರೆ ಕಟ್ ಎಲ್ಲಿದೆ ಅಂತ ಗೊತ್ತಿರುವುದರಿಂದ ಇಲ್ಲದ ದೋಷವೂ ಕೇಳಿಸುತ್ತದೆ. ಎಲ್ಲೋ ಅನುಮಾನ ಬಂದರೆ ಆಗ ಸ್ವರಗಳನ್ನು ತಳದಿಂದ ಮೇಲಕ್ಕೆ ಹರಡಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆಯಿರಿ. ಸರಿಯಿಲ್ಲದ ಬೆಸುಗೆ ಅಲ್ಲಿ ನೆಟ್ಟಗಿನ ಗೆರೆಯಾಗಿ ಕಾಣುತ್ತದೆ. ಫ್ರಿಜ್ ನಿಂತದ್ದು ತಳದಲ್ಲಿ ಅಡ್ಡ ಪಟ್ಟಿಯೊಂದು ಹಠಾತ್ತನೆ ಮುಗಿದ ಹಾಗೆ ಕಾಣುತ್ತದೆ. ಈ ಪರೀಕ್ಷೆಯನ್ನು ಕಂಪ್ರೆಸರ್ ಮತ್ತು ಲೌಡ್‌ನೆಸ್ ಎಲ್ಲಾ ಹಾಕಿದ ಕೊನೆಯ ಫೈಲಿನ ಮೇಲೆಯೇ ಮಾಡಬೇಕು. ಕಂಪ್ರೆಸರ್ ಮಾತನ್ನು ಒತ್ತಿ ಹಿಡಿದು ಒಟ್ಟು ಮಟ್ಟವನ್ನು ಏರಿಸುತ್ತದೆ, ಆಗ ವಿರಾಮದ ಸದ್ದೂ ನಾಲ್ಕೈದು ಡೆಸಿಬೆಲ್ ಮೇಲೆ ಬರಬಹುದು. ಮೊದಲು ಕೇಳಿಸದ ಬೆಸುಗೆಗಳು ಆಗ ಕೇಳಿಸುತ್ತವೆ. ಬೆಡ್ ಕೂಡ ಮಾತಿನ ಕಂಪ್ರೆಸರ್ ಮೂಲಕವೇ ಹೋಗುತ್ತಿದ್ದರೆ, ಮಾತು ಶುರುವಾದಾಗ ಕುಗ್ಗಿ, ನಿಂತಾಗ ಉಬ್ಬಿ ಏದುಸಿರು ಬಿಟ್ಟ ಹಾಗೆ ಕೇಳಿಸುತ್ತದೆ. ಹಾಗೆ ಕೇಳಿಸಿದರೆ ಬೆಡ್‌ನ ಟ್ರ್ಯಾಕನ್ನು ಆ ಕಂಪ್ರೆಸರ್‌ನಿಂದ ಹೊರಗೆ ತೆಗೆದು, ಕೊನೆಯ ಮಿಕ್ಸ್‌ಗೆ ನೇರವಾಗಿ ಸೇರಿಸಿ, ಫೈಲನ್ನು ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿ.